ಆಸ್ಪತ್ರೆ ಬಿಲ್‌ನಲ್ಲಿ ‘ಇತರೆ ಶುಲ್ಕ’ ಅಂದ್ರೆ ಏನು? ಬಿಲ್ಲಿಂಗ್ ವಿಭಾಗವನ್ನ ಕೇಳೋದು ಹೇಗೆ?

ಆಸ್ಪತ್ರೆ ಬಿಲ್‌ಗಳಲ್ಲಿ ಬರುವ ಸಣ್ಣಪುಟ್ಟ ಬಾಬ್ತುಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಐಆರ್‌ಡಿಎಐ, ನಾಲ್ಕು ಪಟ್ಟಿಗಳಾಗಿ ವಿಂಗಡಿಸಿಟ್ಟಿದೆ. ಅದರ ಎರಡನೇ ಪಟ್ಟಿ ಓದಿದ್ರೆ ನಗು ಬರುತ್ತೆ. ಬಾಚಣಿಗೆ, ಟೋಪಿ, ಶೂ ಕವರ್, ಹೊದಿಕೆ, ಕೈಗೆ ಕಟ್ಟುವ ಹೆಸರಿನ ಪಟ್ಟಿ, ಫೈಲ್ ತೆರೆಯುವ ಶುಲ್ಕ, ಕಡೆಗೆ ಮನೆಗೆ ಕಳಿಸುವುದಕ್ಕೂ ‘ಡಿಸ್ಚಾರ್ಜ್ ಪ್ರಕ್ರಿಯೆ ಶುಲ್ಕ’. ಇವುಗಳ ನಡುವೆ ಇನ್ನೊಂದು ಸಾಲಿದೆ: ‘ಇತರೆ ಶುಲ್ಕ (ವಿವರಣೆ ಇಲ್ಲದ್ದು)’.

ಅಂದ್ರೆ, ಏನು ಅಂತಲೇ ಹೇಳದೆ ದುಡ್ಡು ಕೇಳುವುದು ಎಷ್ಟು ಮಾಮೂಲಿ ಆಗಿಹೋಗಿದೆ ಅಂದ್ರೆ, ಸರ್ಕಾರಿ ನಿಯಂತ್ರಕರೇ ಅದಕ್ಕೆ ಪಟ್ಟಿಯಲ್ಲಿ ಒಂದು ಜಾಗ ಕೊಟ್ಟಿದ್ದಾರೆ. ಒಳ್ಳೆಯ ಸುದ್ದಿ ಏನಂದ್ರೆ, ಆ ಜಾಗ ಕೊಟ್ಟಿರುವುದು ‘ಇದನ್ನು ಬೇರೆಯಾಗಿ ಲೆಕ್ಕ ಹಾಕುವಂತಿಲ್ಲ, ಇದು ರೂಮ್ ಬಾಡಿಗೆಯೊಳಗೇ ಸೇರಿದ್ದು’ ಅನ್ನುವುದಕ್ಕೆ.

ಇಂಥ ಸಾಲುಗಳ ಬಗ್ಗೆ ಬಿಲ್ಲಿಂಗ್ ಕೌಂಟರ್‌ನಲ್ಲಿ ಜಗಳ ಆಡಿದವರು ಬಹಳ ಜನ. ಉತ್ತರ ಪಡೆದವರು ಕಡಿಮೆ. ಕಾರಣ ಸರಳ. ನಾವು ಕೌಂಟರ್ ಮುಂದೆ ನಿಂತು ಹೇಳುವುದು ‘ಬಿಲ್ ಜಾಸ್ತಿ ಆಯ್ತು’ ಅಂತ. ಅದು ದೂರು ಅಲ್ಲ, ಚೌಕಾಸಿ. ಅದಕ್ಕೆ ಅವರ ಬಳಿ ಸಿದ್ಧ ಉತ್ತರ ಇದೆ: ಎರಡೋ ಮೂರೋ ಸಾವಿರ ‘ಡಿಸ್ಕೌಂಟ್’ ಕೊಟ್ಟು ಕಳಿಸುತ್ತಾರೆ. ನೀವು ಖುಷಿಯಿಂದ ಹೋಗ್ತೀರಿ, ಆ ಸಾಲು ಮುಂದಿನ ರೋಗಿಯ ಬಿಲ್‌ನಲ್ಲಿ ಹಾಗೇ ಇರುತ್ತೆ.

ನಿಜವಾದ ದೂರು ಕೇಳಬೇಕಾದದ್ದು ರಿಯಾಯಿತಿಯನ್ನಲ್ಲ, ದಾಖಲೆಯನ್ನು.

ಬಿಲ್ ಎಲ್ಲಿಂದ ಹುಟ್ಟುತ್ತೆ?

ಆಸ್ಪತ್ರೆಯಲ್ಲಿ ನಿಮ್ಮ ಬಗ್ಗೆ ಎರಡು ಬರಹ ಸಮಾನಾಂತರವಾಗಿ ನಡೆಯುತ್ತಿರುತ್ತವೆ. ಒಂದು ಕೇಸ್ ಶೀಟ್. ಇದರಲ್ಲಿ ಡಾಕ್ಟರ್ ಯಾವಾಗ ಬಂದು ನೋಡಿದರು, ಏನು ಬರೆದರು, ನರ್ಸ್ ಯಾವ ಔಷಧಿಯನ್ನು ಎಷ್ಟು ಗಂಟೆಗೆ ಕೊಟ್ಟರು, ಆಪರೇಷನ್‌ನಲ್ಲಿ ಏನೇನು ನಡೆಯಿತು ಅನ್ನುವುದೆಲ್ಲ ಸಮಯ ಮತ್ತು ಸಹಿ ಸಮೇತ ಇರುತ್ತೆ. ಇನ್ನೊಂದು ಬಿಲ್ಲಿಂಗ್ ಸಾಫ್ಟ್‌ವೇರ್. ಇದರಲ್ಲಿ ವಾರ್ಡ್, ಫಾರ್ಮಸಿ, ಲ್ಯಾಬ್, ಆಪರೇಷನ್ ಥಿಯೇಟರ್‌ನಿಂದ ಬೇರೆ ಬೇರೆ ಜನ ಎಂಟ್ರಿ ಹಾಕ್ತಾ ಹೋಗ್ತಾರೆ.

ಈ ಎರಡು ಬರಹಗಳು ಒಂದಕ್ಕೊಂದು ತಾಳೆ ಆಗಬೇಕು. ಬಿಲ್‌ನ ಪ್ರತಿ ಸಾಲಿಗೂ ಕೇಸ್ ಶೀಟ್‌ನಲ್ಲಿ ಒಂದು ಮೂಲ ಇರಬೇಕು. ಮೂಲ ಇಲ್ಲದ ಸಾಲು ತಪ್ಪಾಗಿ ಬಂದಿರಬಹುದು, ಬೇಕಂತಲೇ ಬಂದಿರಬಹುದು. ಯಾವುದು ಅಂತ ಹೊರಗಿನಿಂದ ಹೇಳೋಕೆ ಆಗಲ್ಲ, ಹೇಳುವ ಅಗತ್ಯವೂ ಇಲ್ಲ. ‘ನೀವು ಮೋಸ ಮಾಡಿದ್ದೀರಿ’ ಅಂತ ಬರೆದರೆ ಅವರು ಅದನ್ನು ಅಲ್ಲಗಳೆಯುತ್ತಾರೆ. ‘ಈ ಸಾಲಿನ ಮೂಲ ತೋರಿಸಿ’ ಅಂತ ಬರೆದರೆ ತೋರಿಸಬೇಕು, ಇಲ್ಲಾ ತೆಗೆಯಬೇಕು.

ಇದನ್ನು ಕೇಳುವ ಹಕ್ಕು ನಿಮಗಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ, ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಕಳಿಸಿದ ರೋಗಿಗಳ ಹಕ್ಕುಗಳ ಸನ್ನದು ಎರಡು ಮಾತನ್ನು ಸ್ಪಷ್ಟವಾಗಿ ಹೇಳುತ್ತೆ. ಹಣ ಕಟ್ಟುವಾಗ ಪ್ರತಿ ಬಾಬ್ತನ್ನೂ ಬಿಡಿಸಿ ಬರೆದ ಬಿಲ್ ಸಿಗಬೇಕು. ಡಿಸ್ಚಾರ್ಜ್ ಆದ ಮೇಲೆ ಕೇಸ್ ಪೇಪರ್‌ಗಳ ಪ್ರತಿ 72 ಗಂಟೆಯೊಳಗೆ ಸಿಗಬೇಕು. ಈ 72 ಗಂಟೆ ಹೊಸದೇನಲ್ಲ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ವೃತ್ತಿ ನೀತಿಯ 2002ರ ನಿಯಮಾವಳಿಯಲ್ಲೇ ಇದೆ.

ಆದ್ದರಿಂದ ಮೊದಲ ಹೆಜ್ಜೆ ಬಿಲ್ಲಿಂಗ್ ಕೌಂಟರ್ ಅಲ್ಲ. ಮೆಡಿಕಲ್ ರೆಕಾರ್ಡ್ಸ್ ವಿಭಾಗ. ‘ಒಳರೋಗಿ ಕೇಸ್ ಶೀಟ್‌ನ ಪೂರ್ತಿ ಪ್ರತಿ ಬೇಕು, ಡ್ರಗ್ ಚಾರ್ಟ್, ನರ್ಸಿಂಗ್ ನೋಟ್ಸ್, ಓಟಿ ನೋಟ್ಸ್ ಸೇರಿ’ ಅಂತ ಒಂದು ಅರ್ಜಿ ಬರೆದು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಕೊಟ್ಟು ‘ಇದೇ ರೆಕಾರ್ಡ್’ ಅಂದ್ರೆ ಒಪ್ಪಬೇಡಿ. ಅದು ಸಾರಾಂಶ ಮಾತ್ರ. ಅದರಲ್ಲಿ ಎಷ್ಟು ಇಂಜೆಕ್ಷನ್ ಕೊಟ್ಟರು ಅನ್ನುವ ಲೆಕ್ಕ ಇರಲ್ಲ.

ಒಂದು ಬಿಲ್ ಬಿಡಿಸೋಣ

ಹೀಗೊಂದು ಬಿಲ್ ಅಂದುಕೊಳ್ಳಿ. ಮೊತ್ತಗಳು ನಾವು ಹಾಕಿಕೊಂಡವು, ಆದರೆ ಸಾಲುಗಳು ದಿನನಿತ್ಯದ ಬಿಲ್‌ಗಳಲ್ಲಿ ಕಾಣುವಂಥವೇ. ನಿಮ್ಮ ತಂಗಿಗೆ ಅಪೆಂಡಿಕ್ಸ್ ಆಪರೇಷನ್. ಸೋಮವಾರ ರಾತ್ರಿ 11ಕ್ಕೆ ಅಡ್ಮಿಟ್, ಗುರುವಾರ ಸಂಜೆ 6ಕ್ಕೆ ಮನೆಗೆ. ಅವಳಿಗೆ ಕಂಪನಿ ಕೊಟ್ಟ 3 ಲಕ್ಷದ ವಿಮೆ ಇದೆ. ಬಿಲ್ 1,42,400 ರೂಪಾಯಿ. ವಿಮಾ ಕಂಪನಿ 1,24,600 ಕೊಟ್ಟು, ಉಳಿದ 17,800ನ್ನು ‘ನಾನ್-ಪೇಯಬಲ್’ ಅಂತ ನಿಮ್ಮ ತಲೆಗೆ ಹಾಕಿದೆ.

ಮೊದಲು ದಿನಗಳ ಲೆಕ್ಕ. ಬಿಲ್‌ನಲ್ಲಿ ರೂಮ್ 4 ದಿನ. ಆದರೆ ಸೋಮವಾರ ರಾತ್ರಿ 11ರಿಂದ ಗುರುವಾರ ಸಂಜೆ 6ರವರೆಗೆ 67 ಗಂಟೆ. 24 ಗಂಟೆಗೆ ಒಂದು ದಿನ ಅಂತ ಎಣಿಸಿದರೆ ಅದು 3 ದಿನದೊಳಗೇ ಮುಗಿಯುತ್ತೆ. ಕ್ಯಾಲೆಂಡರ್ ದಿನ ಎಣಿಸಿದರೆ 4 ಆಗುತ್ತೆ. ಹೋಟೆಲ್ ಥರ ಮಧ್ಯಾಹ್ನದ ಚೆಕ್-ಔಟ್ ಲೆಕ್ಕ ಹಾಕಿದರೂ 4. ಮೂರೂ ಪದ್ಧತಿ ಚಾಲ್ತಿಯಲ್ಲಿವೆ. ಇಲ್ಲಿ ಕೇಳಬೇಕಾದ ಪ್ರಶ್ನೆ: ‘ನಿಮ್ಮ ಲಿಖಿತ ನಿಯಮ ಯಾವುದು? ಅಡ್ಮಿಷನ್ ವೇಳೆ ನಾವು ಸಹಿ ಹಾಕಿದ ಕಾಗದದಲ್ಲಿ ಅದು ಎಲ್ಲಿದೆ?’

ಒಂದು ದಿನ ಹೆಚ್ಚಾದರೆ ರೂಮ್ ಬಾಡಿಗೆ ಒಂದೇ ಹೆಚ್ಚಾಗಲ್ಲ ಅನ್ನುವುದನ್ನು ನೆನಪಿಡಿ. ದಿನದ ಲೆಕ್ಕದಲ್ಲಿ ಬೀಳುವ ಸಾಲುಗಳೆಲ್ಲ ಅದರ ಹಿಂದೆಯೇ ಬರುತ್ತವೆ. ನಮ್ಮ ಉದಾಹರಣೆಯಲ್ಲಿ ರೂಮ್ 3,500, ನರ್ಸಿಂಗ್ 900, ಪಲ್ಸ್ ಆಕ್ಸಿಮೀಟರ್ 800. ಒಂದು ದಿನದ ಎಣಿಕೆಗೆ 5,200 ರೂಪಾಯಿ.

ಡಿಸ್ಚಾರ್ಜ್ ದಿನ ಕಾಯುವುದು ಇನ್ನೊಂದು ಕಥೆ. ಡಾಕ್ಟರ್ ಬೆಳಗ್ಗೆಯೇ ‘ಹೋಗಬಹುದು’ ಅಂದಿರುತ್ತಾರೆ, ವಿಮೆಯ ಅನುಮತಿ ಬರೋದು ಸಂಜೆ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಹೋದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಅನುಮತಿ ಕೊಡಬೇಕು. ಅದಕ್ಕಿಂತ ತಡವಾಗಿ, ಆ ಕಾರಣಕ್ಕೆ ಆಸ್ಪತ್ರೆ ಹೆಚ್ಚು ಶುಲ್ಕ ಹಾಕಿದರೆ ಅದನ್ನು ಕಟ್ಟಬೇಕಾದ್ದು ವಿಮಾ ಕಂಪನಿಯೇ. ಹಾಗಾಗಿ ಕೋರಿಕೆ ಕಳಿಸಿದ ಸಮಯ, ಅನುಮತಿ ಬಂದ ಸಮಯ ಎರಡನ್ನೂ ವಿಮಾ ಡೆಸ್ಕ್‌ನಿಂದ ಬರೆಸಿಕೊಳ್ಳಿ.

ಎರಡನೆಯದು ಡಾಕ್ಟರ್ ವಿಸಿಟ್. ಬಿಲ್‌ನಲ್ಲಿ 9 ವಿಸಿಟ್, ತಲಾ ಸಾವಿರ. ಕೇಸ್ ಶೀಟ್ ತೆಗೆದು ನೋಡಿದರೆ ಕನ್ಸಲ್ಟೆಂಟ್ ಬಂದು ಬರೆದು ಸಹಿ ಹಾಕಿದ್ದು 6 ಕಡೆ. ಉಳಿದ ಮೂರು ಡ್ಯೂಟಿ ಡಾಕ್ಟರ್ ರೌಂಡ್ಸ್. ಡ್ಯೂಟಿ ಡಾಕ್ಟರ್ ಬಂದು ನೋಡುವುದನ್ನು ಕನ್ಸಲ್ಟೆಂಟ್ ದರದಲ್ಲಿ ಹಾಕಿದ್ದರೆ ಅದು ಕೇಳಬೇಕಾದ ಮಾತು. ಆಪರೇಷನ್ ಮಾಡಿದ ಸರ್ಜನ್ ಮಾರನೇ ದಿನ ಬಂದು ಹೊಲಿಗೆ ನೋಡಿದ್ದಕ್ಕೆ ಪ್ರತ್ಯೇಕ ಶುಲ್ಕ ಇದೆಯಾ, ಅಥವಾ ಅದು ಸರ್ಜನ್ ಫೀಸ್‌ನೊಳಗೇ ಇದೆಯಾ ಅನ್ನುವುದೂ ಅಷ್ಟೇ. ಇಲ್ಲಿ ‘9 ವಿಸಿಟ್‌ಗಳ ದಿನಾಂಕ, ಸಮಯ, ವೈದ್ಯರ ಹೆಸರು ಕೊಡಿ’ ಅಂತ ಕೇಳಿದರೆ ಸಾಕು. ಪಟ್ಟಿ ಕೊಡಬೇಕಾದಾಗ ಲೆಕ್ಕ ತಾನಾಗಿ ಬಯಲಿಗೆ ಬರುತ್ತೆ.

ಮೂರನೆಯದು ಔಷಧಿ. ತಪ್ಪು ಅತಿ ಸುಲಭವಾಗಿ ನುಸುಳುವ ಜಾಗ ಇದು. ಸೋಮವಾರ ರಾತ್ರಿಯೇ ಐದು ದಿನದ ಕೋರ್ಸ್ ಅಂತ ಆ್ಯಂಟಿಬಯೋಟಿಕ್ ಇಂಜೆಕ್ಷನ್ 10 ವಯಲ್‌ಗೆ ವಾರ್ಡ್‌ನಿಂದ ಇಂಡೆಂಟ್ ಹೋಗಿದೆ. ಫಾರ್ಮಸಿಯಿಂದ ವಯಲ್ ಹೊರಟ ಕ್ಷಣವೇ 10ಕ್ಕೂ ಬಿಲ್ ಬಿದ್ದಿದೆ. ಡ್ರಗ್ ಚಾರ್ಟ್ ಪ್ರಕಾರ ಕೊಟ್ಟದ್ದು ಸೋಮವಾರ ರಾತ್ರಿ ಒಂದು, ಮಂಗಳವಾರ ಎರಡು, ಬುಧವಾರ ಎರಡು, ಗುರುವಾರ ಬೆಳಗ್ಗೆ ಒಂದು. ಒಟ್ಟು 6. ಗುರುವಾರ ಡಾಕ್ಟರ್ ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಬರೆದರು. ಉಳಿದ 4 ವಯಲ್ ಫಾರ್ಮಸಿಗೆ ವಾಪಸ್ ಹೋಗಿ, ‘ರಿಟರ್ನ್’ ಅಂತ ಬಿಲ್‌ನಲ್ಲಿ ಕಳೆಯಬೇಕಿತ್ತು. ಕಳೆದಿಲ್ಲ. ತಲಾ 180ರಂತೆ 720 ರೂಪಾಯಿ.

ಇದರಲ್ಲಿ ಯಾರೂ ಕಳ್ಳರಿಲ್ಲದೇ ಇರಬಹುದು. ಮೂವತ್ತು ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗೆ ರಿಟರ್ನ್ ಎಂಟ್ರಿ ಹಾಕುವುದು ಮರೆತುಹೋಗಿರಬಹುದು. ಆದರೆ ಒಂದು ವ್ಯತ್ಯಾಸ ಗಮನಿಸಿ: ಔಷಧಿ ಹೊರಗೆ ಹೋಗುವಾಗ ಬಿಲ್ ತಾನಾಗಿಯೇ ಬೀಳುತ್ತೆ, ವಾಪಸ್ ಬರುವಾಗ ಯಾರಾದರೂ ಕೈಯಾರೆ ಹಾಕಬೇಕು. ಇಂಥ ವ್ಯವಸ್ಥೆಯಲ್ಲಿ ಮರೆವಿನ ನಷ್ಟ ಹೆಚ್ಚಾಗಿ ರೋಗಿಯ ಕಡೆಗೇ ವಾಲುತ್ತೆ.

‘ವಿಸಿಟ್, ಔಷಧಿ ಎಲ್ಲ ಇನ್ಶೂರೆನ್ಸ್‌ನವರೇ ಕಟ್ಟಿದ್ದಾರಲ್ಲ, ನಮಗೇನು?’ ಅನ್ನಬಹುದು. ಆದರೆ ಹೋದದ್ದು ನಿಮ್ಮ ತಂಗಿಯ 3 ಲಕ್ಷದಿಂದ. ಅದೇ ವರ್ಷ ಇನ್ನೊಮ್ಮೆ ಅಡ್ಮಿಟ್ ಆಗಬೇಕಾಗಿ ಬಂದರೆ ಆ ಹಣದ ಕೊರತೆ ಕಾಣೋದು ನಿಮಗೆ, ವಿಮಾ ಕಂಪನಿಗಲ್ಲ.

17,800ರ ಒಳಗೆ ಏನಿದೆ?

ಈಗ ನಿಮ್ಮ ಜೇಬಿನಿಂದ ಹೋದ ಹಣಕ್ಕೆ ಬರೋಣ. ‘ನಾನ್-ಪೇಯಬಲ್’ ಅಂತ ವಿಮಾ ಕಂಪನಿ ತೆಗೆದದ್ದರಲ್ಲಿ ಐದು ಸಾಲುಗಳಿವೆ. ‘ಓಟಿ ಕಿಟ್’ 6,500. ‘ಇತರೆ’ 3,400. ಪಲ್ಸ್ ಆಕ್ಸಿಮೀಟರ್ 3,200. ಫೈಲ್, ದಾಖಲಾತಿ, ಆಡಳಿತ ಶುಲ್ಕ ಅಂತ 2,750. ಗ್ಲೌಸ್ ಮತ್ತು ಮಾಸ್ಕ್ 1,950.

‘ನಾನ್-ಪೇಯಬಲ್’ ಅನ್ನುವ ಒಂದೇ ಪದದ ಕೆಳಗೆ ಮೂರು ಬೇರೆ ಬೇರೆ ವಿಷಯಗಳು ಅಡಗಿವೆ. ಅವನ್ನು ಬಿಡಿಸದಿದ್ದರೆ ದೂರು ದಾರಿ ತಪ್ಪುತ್ತೆ.

ಗ್ಲೌಸ್ ಮತ್ತು ಮಾಸ್ಕ್ ಐಆರ್‌ಡಿಎಐನ ಮೊದಲ ಪಟ್ಟಿಯಲ್ಲಿವೆ. ಪಾಲಿಸಿಯಲ್ಲಿ ವಿಶೇಷವಾಗಿ ಸೇರಿಸಿರದಿದ್ದರೆ ವಿಮೆ ಇದನ್ನು ಕೊಡಲ್ಲ. ಇದು ನಿಮ್ಮ ಖರ್ಚೇ. ಇಲ್ಲಿ ಕೇಳಬಹುದಾದದ್ದು ಸಂಖ್ಯೆ ಮಾತ್ರ: ಎಷ್ಟು ಜೊತೆ, ಯಾವ ಬೆಲೆಗೆ?

‘ಇತರೆ’, ಆಡಳಿತ ಶುಲ್ಕ, ಪಲ್ಸ್ ಆಕ್ಸಿಮೀಟರ್ ಎರಡನೇ ಪಟ್ಟಿಯಲ್ಲಿವೆ. ಈ ಪಟ್ಟಿಯ ತಲೆಬರಹವೇ ‘ರೂಮ್ ಬಾಡಿಗೆಯೊಳಗೆ ಸೇರಬೇಕಾದ ಬಾಬ್ತುಗಳು’. ವಿಮಾ ಕಂಪನಿ ‘ಇದು ರೂಮ್ ಬಾಡಿಗೆಯೊಳಗಿದೆ, ಅದನ್ನು ಆಗಲೇ ಕೊಟ್ಟಿದ್ದೇವೆ’ ಅಂತ ಕೈ ತೊಳೆದುಕೊಂಡಿದೆ. ಆಸ್ಪತ್ರೆ ಅದೇ ಹಣವನ್ನು ನಿಮ್ಮಿಂದ ತಗೊಂಡಿದೆ. ರೂಮ್ ಬಾಡಿಗೆಯೊಳಗೆ ಸೇರಿದ್ದು ಅಂದ ಮೇಲೆ ಅದಕ್ಕೆ ಎರಡನೇ ಸಲ ಹಣ ಯಾಕೆ? ನಮ್ಮ ಉದಾಹರಣೆಯಲ್ಲಿ ಈ ಮೂರು ಸಾಲು ಸೇರಿ 9,350 ರೂಪಾಯಿ. ಕೈಯಿಂದ ಹೋದ ಹಣದ ಅರ್ಧಕ್ಕಿಂತ ಹೆಚ್ಚು. ಈ ಪ್ರಶ್ನೆಯನ್ನು ಆಸ್ಪತ್ರೆಗೂ ವಿಮಾ ಕಂಪನಿಗೂ ಒಟ್ಟಿಗೇ ಕೇಳಬೇಕು. ಕ್ಯಾಶ್‌ಲೆಸ್ ಸೌಲಭ್ಯಕ್ಕೆ ಇಬ್ಬರ ನಡುವೆ ಒಪ್ಪಂದ ಇರುತ್ತೆ. ರೋಗಿಯಿಂದ ಬೇರೆಯಾಗಿ ಏನೇನು ವಸೂಲಿ ಮಾಡಬಹುದು ಅನ್ನುವುದಕ್ಕೆ ಅವರಿಬ್ಬರೂ ಉತ್ತರಿಸಬೇಕು.

ಮೂರನೆಯದು ‘ಓಟಿ ಕಿಟ್’. ಇದು ಮೊದಲ ಪಟ್ಟಿಯಲ್ಲೇ ಇದೆ, ಆದರೆ ಪಟ್ಟಿಯ ಮಾತು ಗಮನಿಸಿ: ‘ವಿವರ ನಮೂದಿಸದ ಯಾವುದೇ ಕಿಟ್’. ಅಂದ್ರೆ ಕಿಟ್ ಅನ್ನುವ ಕಾರಣಕ್ಕೆ ಅಲ್ಲ, ವಿವರ ಇಲ್ಲ ಅನ್ನುವ ಕಾರಣಕ್ಕೆ ವಿಮೆ ನಿರಾಕರಿಸಿದೆ. ಒಳಗೆ ಹೊಲಿಗೆ ದಾರ, ಕ್ಲಿಪ್, ಕ್ಯಾತಿಟರ್ ಇತ್ತು ಅಂತ ಬಿಡಿಸಿ ಬರೆದರೆ ಅವುಗಳಲ್ಲಿ ಕೆಲವಕ್ಕೆ ವಿಮೆ ಹಣ ಕೊಡಬಹುದು. ಒಳಗೆ ಬ್ಲೇಡ್, ಹತ್ತಿ, ಗಾಜ್ ಬಟ್ಟೆ ಇದ್ದರೆ ಅವು ಮೂರನೇ ಪಟ್ಟಿಗೆ ಬರುತ್ತವೆ, ಅಂದ್ರೆ ಆಪರೇಷನ್ ಶುಲ್ಕದೊಳಗೇ ಸೇರಿದವು. ಹಾಗಾಗಿ ಕಿಟ್‌ನ ವಿವರ ಪಡೆದು, ಅದನ್ನು ವಿಮಾ ಕಂಪನಿಗೆ ಮತ್ತೆ ಕಳಿಸಿ ಮರುಪರಿಶೀಲನೆ ಕೇಳಬಹುದು. ಆಸ್ಪತ್ರೆ ವಿವರ ಬರೆಯದೇ ಇದ್ದದ್ದಕ್ಕೆ ನೀವು 6,500 ಕಟ್ಟಿದ್ದೀರಿ ಅನ್ನುವುದು ಇಲ್ಲಿಯ ನಿಜ ಸಂಗತಿ.

ವಿಮೆ ಇಲ್ಲದೆ ಕೈಯಿಂದ ಕಟ್ಟುವವರಿಗೆ ಈ ಪಟ್ಟಿಗಳು ನೇರವಾಗಿ ಅನ್ವಯಿಸಲ್ಲ. ಅವು ವಿಮಾ ಪಾಲಿಸಿಗಳಿಗೆ ಮಾಡಿದ ನಿಯಮ. ಆದರೆ ವಾದಕ್ಕೆ ಬಲ ಕೊಡುತ್ತವೆ. ಪಕ್ಕದ ಬೆಡ್‌ನ ವಿಮೆದಾರರಿಗೆ ರೂಮ್ ಬಾಡಿಗೆಯೊಳಗೆ ಸೇರಿದ ಫೈಲ್ ಶುಲ್ಕ ನಮಗೆ ಮಾತ್ರ ಯಾಕೆ ಹೊರಗೆ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಪತ್ರ ಹೀಗಿರಲಿ

ಡಿಸ್ಚಾರ್ಜ್ ದಿನ ರೋಗಿಯನ್ನು ಮನೆಗೆ ಕರೆದೊಯ್ಯುವ ಅವಸರ ಇರುತ್ತೆ. ಬಿಲ್ ವಿವಾದದ ನೆಪದಲ್ಲಿ ರೋಗಿಯನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಹಕ್ಕುಗಳ ಸನ್ನದು ಹೇಳುತ್ತೆ, ಆದರೂ ಅಲ್ಲಿ ನಿಂತು ವಾದ ಮಾಡುವ ಶಕ್ತಿ ಎಲ್ಲರಿಗೂ ಇರಲ್ಲ. ಹಣ ಕಟ್ಟಿಯೇ ಹೊರಡುವುದಾದರೆ, ಬಿಲ್‌ನ ಆಸ್ಪತ್ರೆ ಪ್ರತಿಯ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ’ ಅಂತ ಬರೆದು ಸಹಿ ಹಾಕಿ, ಫೋಟೊ ತಗೊಳ್ಳಿ. ‘ಬಿಲ್ ಅರ್ಥವಾಗಿದೆ, ತೃಪ್ತಿ ಇದೆ’ ಅನ್ನುವ ಫಾರಂಗೆ ಓದದೆ ಸಹಿ ಹಾಕಬೇಡಿ.

ಕೇಸ್ ಶೀಟ್ ಕೈಗೆ ಬಂದ ಮೇಲೆ ಪತ್ರ ಬರೆಯಿರಿ. ಬಿಲ್ಲಿಂಗ್ ಮ್ಯಾನೇಜರ್‌ಗೆ, ಪ್ರತಿ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ. ಇಮೇಲ್ ಒಳ್ಳೆಯದು, ತಾರೀಖು ಉಳಿಯುತ್ತೆ.

> ಮಾನ್ಯರೇ,
>
> ವಿಷಯ: ಒಳರೋಗಿ ಸಂಖ್ಯೆ ____, ಬಿಲ್ ಸಂಖ್ಯೆ ____, ದಿನಾಂಕ ____ ಬಿಲ್‌ನ ಕೆಲವು ಸಾಲುಗಳಿಗೆ ವಿವರಣೆ ಕೋರಿ.
>
> ಮೇಲಿನ ಬಿಲ್ಲನ್ನು ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇವೆ. ಕೇಸ್ ಶೀಟ್ ಜೊತೆ ತಾಳೆ ನೋಡಿದಾಗ ಕೆಳಗಿನ ಸಾಲುಗಳಿಗೆ ಆಧಾರ ಸಿಗಲಿಲ್ಲ.
>
> 1. ರೂಮ್ ಮತ್ತು ದಿನವಾರು ಶುಲ್ಕ 4 ದಿನ: ಒಟ್ಟು ವಾಸ್ತವ್ಯ 67 ಗಂಟೆ. ದಿನ ಎಣಿಸುವ ನಿಮ್ಮ ಲಿಖಿತ ನಿಯಮದ ಪ್ರತಿ ಕೊಡಿ.
>
> 2. ಕನ್ಸಲ್ಟೆಂಟ್ ವಿಸಿಟ್ 9: ಕೇಸ್ ಶೀಟ್‌ನಲ್ಲಿ 6 ನಮೂದು ಇವೆ. ಉಳಿದ 3ರ ದಿನಾಂಕ, ಸಮಯ, ವೈದ್ಯರ ಹೆಸರು ಕೊಡಿ.
>
> 3. ಆ್ಯಂಟಿಬಯೋಟಿಕ್ ಇಂಜೆಕ್ಷನ್ 10: ಡ್ರಗ್ ಚಾರ್ಟ್‌ನಲ್ಲಿ 6 ಡೋಸ್ ಇದೆ. 4 ವಯಲ್‌ಗಳ ರಿಟರ್ನ್ ದಾಖಲೆ ಕೊಡಿ ಅಥವಾ ಮೊತ್ತ ಹಿಂದಿರುಗಿಸಿ.
>
> 4. ಓಟಿ ಕಿಟ್ 6,500: ಒಳಗಿನ ಪ್ರತಿ ವಸ್ತುವಿನ ಹೆಸರು, ಸಂಖ್ಯೆ, ಬ್ಯಾಚ್ ನಂಬರ್, ಎಂಆರ್‌ಪಿ ಕೊಡಿ.
>
> 5. ಇತರೆ 3,400, ಆಡಳಿತ 2,750, ಪಲ್ಸ್ ಆಕ್ಸಿಮೀಟರ್ 3,200: ಇವು ಏತಕ್ಕೆ, ನೀವು ಪ್ರಕಟಿಸಿದ ದರಪಟ್ಟಿಯಲ್ಲಿ ಎಲ್ಲಿವೆ, ರೂಮ್ ಬಾಡಿಗೆಯ ಹೊರಗೆ ಯಾಕೆ ಎಂದು ತಿಳಿಸಿ.
>
> 15 ದಿನದೊಳಗೆ ಸಾಲುವಾರು ಲಿಖಿತ ಉತ್ತರ ಕೊಡಬೇಕಾಗಿ ಕೋರಿಕೆ. ಆಧಾರ ಇಲ್ಲದ ಮೊತ್ತವನ್ನು ತೆಗೆದು ಪರಿಷ್ಕೃತ ಬಿಲ್ ಕೊಡಿ.

ಇಷ್ಟೇ. ಆರೋಪ ಇಲ್ಲ, ನೋವಿನ ಕಥೆ ಇಲ್ಲ, ಡಿಸ್ಕೌಂಟ್ ಅನ್ನುವ ಪದ ಎಲ್ಲೂ ಇಲ್ಲ. 15 ದಿನ ಅನ್ನುವುದು ಕಾನೂನಿನ ಗಡುವಲ್ಲ, ನೀವು ಹಾಕಿದ್ದು. ಆದರೆ ಗಡುವು ಇದ್ದರೆ ಮುಂದಿನ ಹೆಜ್ಜೆ ಯಾವಾಗ ಅಂತ ಗೊತ್ತಾಗುತ್ತೆ.

ಉತ್ತರ ಬಂದಾಗ ಅದು ಉತ್ತರವೇ ಅಲ್ಲವೇ ಅಂತ ನೋಡಿ. ‘ಸಿಸ್ಟಮ್ ಜನರೇಟೆಡ್ ಬಿಲ್, ಬದಲಿಸೋಕೆ ಆಗಲ್ಲ’ ಅನ್ನುವುದು ಉತ್ತರ ಅಲ್ಲ, ಸಿಸ್ಟಮ್‌ಗೆ ಎಂಟ್ರಿ ಹಾಕಿದ್ದು ಮನುಷ್ಯರೇ. ‘ಎಲ್ಲ ರೋಗಿಗಳಿಗೂ ಹೀಗೇ ಹಾಕ್ತೀವಿ’ ಅನ್ನುವುದೂ ಅಲ್ಲ. ‘ಪ್ಯಾಕೇಜ್’ ಅಂದರೆ, ಪ್ಯಾಕೇಜ್‌ನಲ್ಲಿ ಏನೇನಿದೆ ಅನ್ನುವ ಕಾಗದ ಕೇಳಿ. ಪ್ಯಾಕೇಜ್ ಮೊತ್ತದ ಮೇಲೆ ಕಿಟ್, ವಿಸಿಟ್ ಮತ್ತೆ ಬಿದ್ದಿದ್ದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತೆ. ಇನ್ನು, ‘ಸಂಜೆ 4.10ಕ್ಕೆ ಇಂಥ ಡಾಕ್ಟರ್ ನೋಡಿದ್ದಾರೆ, ನೋಟ್ಸ್ 14ನೇ ಪುಟ’ ಅಂತ ಬಂದರೆ ಅದು ಉತ್ತರ. ಆ ಸಾಲನ್ನು ಬಿಟ್ಟುಬಿಡಿ. ಸರಿ ಇರುವುದನ್ನು ಒಪ್ಪಿಕೊಂಡ ದೂರಿಗೆ ಮುಂದಿನ ಕಟ್ಟೆಯಲ್ಲಿ ತೂಕ ಹೆಚ್ಚು.

ಉತ್ತರ ಬರದಿದ್ದರೆ?

ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು ನಡೆಯುವುದು ಕೆಪಿಎಂಇ ಅಂತ ಕರೆಯುವ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ. ಇದರ ಪ್ರಕಾರ ಆಸ್ಪತ್ರೆ ತನ್ನ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು. 2017ರ ತಿದ್ದುಪಡಿಯ ನಂತರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ನಿಮ್ಮ ಪತ್ರ, ಬಿಲ್, ಕೇಸ್ ಶೀಟ್‌ನ ಸಂಬಂಧಪಟ್ಟ ಪುಟಗಳನ್ನು ಲಗತ್ತಿಸಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಈ ಪ್ರಾಧಿಕಾರಕ್ಕೆ ದೂರು ಕೊಡಬಹುದು. ದರಪಟ್ಟಿಯಲ್ಲೇ ಇಲ್ಲದ ಸಾಲು ಬಿಲ್‌ನಲ್ಲಿದೆ ಅನ್ನುವುದು ಇಲ್ಲಿ ಮುಖ್ಯ ಅಂಶ ಆಗಬೇಕು.

ವಿಮಾ ಕಂಪನಿಯ ಕಡಿತದ ಬಗ್ಗೆ ತಕರಾರಿದ್ದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. 30 ದಿನದಲ್ಲಿ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ಶುಲ್ಕ ಇಲ್ಲ.

ಮೂರನೇ ದಾರಿ ಗ್ರಾಹಕ ಆಯೋಗ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನಡಿ ‘ಸೇವೆ’ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಮೂರೂ ಕಡೆ ಕೆಲಸಕ್ಕೆ ಬರುವುದು ಅದೇ ಒಂದು ಪತ್ರ, ಮತ್ತು ಅದಕ್ಕೆ ಉತ್ತರ ಬರಲಿಲ್ಲ ಅನ್ನುವ ಸಾಕ್ಷಿ.

ಈ ದೂರಿನಿಂದ ಆಗದ್ದು

ಒಂದು ಮಿತಿಯನ್ನು ನೇರವಾಗಿ ಹೇಳಬೇಕು. ‘ಈ ಸಾಲು ಏನು?’ ಅಂತ ಕೇಳುವ ಹಕ್ಕು ನಿಮಗಿದೆ. ‘ಇದರ ದರ ಇಷ್ಟು ಯಾಕೆ?’ ಅನ್ನುವುದಕ್ಕೆ ಕಾನೂನಿನ ಬೆಂಬಲ ಬಹಳ ಕಡಿಮೆ.

ಇದು ಆಕಸ್ಮಿಕ ಅಲ್ಲ. 2017ರಲ್ಲಿ ಕೆಪಿಎಂಇ ತಿದ್ದುಪಡಿ ಮಸೂದೆ ಬಂದಾಗ ಅದರಲ್ಲಿ ಖಾಸಗಿ ಆಸ್ಪತ್ರೆಗಳ ಚಿಕಿತ್ಸಾ ದರವನ್ನು ಸರ್ಕಾರ ನಿಗದಿ ಮಾಡುವ ಪ್ರಸ್ತಾವ ಇತ್ತು. ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಕಡೆಗೆ ಪಾಸಾದ ಕಾನೂನಿನಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗೆ ಸೀಮಿತವಾಯಿತು. ಉಳಿದವರಿಗೆ ದರವನ್ನು ಆಸ್ಪತ್ರೆಯೇ ನಿರ್ಧರಿಸುತ್ತೆ. ಅದನ್ನು ಪ್ರಕಟಿಸಬೇಕು, ಅಷ್ಟೇ.

ಔಷಧಿಯದ್ದೂ ಇದೇ ಕಥೆ. ಎಂಆರ್‌ಪಿ ದಾಟಿ ಮಾರುವಂತಿಲ್ಲ, ಆದರೆ ಎಂಆರ್‌ಪಿಯೇ ಹಿಗ್ಗಿದ್ದರೆ? 2017ರಲ್ಲಿ ಗುರುಗ್ರಾಮದ ಒಂದು ಆಸ್ಪತ್ರೆಯಲ್ಲಿ ಡೆಂಗಿಯಿಂದ ತೀರಿಕೊಂಡ ಮಗುವಿನ ಬಿಲ್ 16 ಲಕ್ಷದ ಹತ್ತಿರ ಹೋಗಿತ್ತು. ಅದರಲ್ಲಿದ್ದ ಸಾವಿರಾರು ಗ್ಲೌಸ್‌ಗಳು ದೇಶದಾದ್ಯಂತ ಸುದ್ದಿಯಾದವು. 2018ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್‌ಗಳನ್ನು ಬಿಡಿಸಿ ನೋಡಿ, ಕೆಲವು ವಸ್ತುಗಳ ಮೇಲಿನ ಲಾಭಾಂಶ ಶೇ. 1,700 ದಾಟಿದೆ ಅಂತ ವರದಿ ಕೊಟ್ಟಿತು. ಆಸ್ಪತ್ರೆ ಫಾರ್ಮಸಿಯಲ್ಲೇ ಕೊಳ್ಳಬೇಕೆಂಬ ಒತ್ತಾಯದ ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. 2025ರ ಮಾರ್ಚ್‌ನಲ್ಲಿ ಕೋರ್ಟ್ ಕಡ್ಡಾಯ ಆದೇಶ ಕೊಡದೆ, ನೀತಿ ರೂಪಿಸುವುದನ್ನು ರಾಜ್ಯಗಳಿಗೆ ಬಿಟ್ಟಿತು. ಚೆಂಡು ಈಗ ರಾಜ್ಯ ಸರ್ಕಾರದ ಅಂಗಳದಲ್ಲಿದೆ.

ಹಾಗಿದ್ದರೆ ಸಾಲುಸಾಲಾಗಿ ಕೇಳಿ ಏನು ಪ್ರಯೋಜನ? ನಮ್ಮ ಉದಾಹರಣೆಯಲ್ಲೇ ನೋಡಿ. ದರ ಒಂದನ್ನೂ ಪ್ರಶ್ನಿಸದೆ, ಬರೀ ‘ಇದರ ಆಧಾರ ಎಲ್ಲಿ’ ಅಂತ ಕೇಳಿದ್ದಕ್ಕೆ ಒಂದು ದಿನದ ಎಣಿಕೆ, ಮೂರು ವಿಸಿಟ್, ನಾಲ್ಕು ವಯಲ್, ಒಂದು ಕಿಟ್ ಮತ್ತು ಹೆಸರೇ ಇಲ್ಲದ 3,400 ಚರ್ಚೆಗೆ ಬಂದವು. ದರ ನಿಯಂತ್ರಣದ ಪ್ರಶ್ನೆ ವಿಧಾನಸಭೆಯಲ್ಲಿ ಇತ್ಯರ್ಥ ಆಗಬೇಕಾದದ್ದು. ಅದು ಮತ್ತೆ ಅಲ್ಲಿಗೆ ಬಂದ ದಿನ, ಜಿಲ್ಲಾ ಪ್ರಾಧಿಕಾರಗಳ ಕಡತಗಳಲ್ಲಿ ‘ಇತರೆ ಶುಲ್ಕ’ದ ಬಗ್ಗೆ ಎಷ್ಟು ದೂರುಗಳಿವೆ ಅಂತ ಯಾರಾದರೂ ಕೇಳುತ್ತಾರೆ. ಕೌಂಟರ್‌ನಲ್ಲಿ ಡಿಸ್ಕೌಂಟ್ ಪಡೆದು ಮನೆಗೆ ಹೋದವರ ಲೆಕ್ಕ ಆ ಕಡತಗಳಲ್ಲಿ ಇರಲ್ಲ.